ಗ್ವಾನ್‌ಶಿ ಲಂಚ ಅಲ್ಲ, ಮುಯ್ಯಿ

"ಚೀನಾದಿಂದ ಮಾಲು ತರಿಸ್ತೀರಲ್ಲ ಸಾರ್, ಈ ಗ್ವಾನ್‌ಶಿ, ಮಿಯೆನ್‌ತ್ಸ ಅಂತಾರಲ್ಲ, ಏನದು? ಕುಡಿಸಿ, ಗಿಫ್ಟ್ ಕೊಟ್ರೆ ಕೆಲಸ ಆಗುತ್ತೆ ಅಂತ ತಾನೆ?"

ಅಲ್ಲ. ಮದುವೆ ಮನೆಯಲ್ಲಿ, ಬ್ಯಾಂಕಿನಲ್ಲಿ, ಏರ್‌ಪೋರ್ಟಿನ ಸಾಲಿನಲ್ಲಿ ಇದಕ್ಕೆ ಉತ್ತರ ಹೇಳಿ ಸಾಕಾಗಿದೆ. ಆ "ತಾನೆ" ಕೇಳಿದರೆ ಈಗಲೂ ಸಿಟ್ಟು ಬರುತ್ತದೆ. ಉತ್ತರ ಮೊದಲೇ ತೀರ್ಮಾನ ಮಾಡಿಕೊಂಡು ಬಂದವರು ಹೇಳುವ ಮಾತು ಅದು.

ನಮ್ಮಲ್ಲಿ ಮುಯ್ಯಿ ಇದೆ. ಯಾರಾದರೂ ನಮ್ಮ ಮನೆ ಮದುವೆಗೆ ಐನೂರು ಕೊಟ್ಟಿದ್ದರೆ ಅಮ್ಮ ಪುಸ್ತಕದಲ್ಲಿ ಬರೆದಿಡುತ್ತಾರೆ. ಅವರ ಮನೆ ಮದುವೆಗೆ ನಾವು ಅದಕ್ಕಿಂತ ಸ್ವಲ್ಪ ಜಾಸ್ತಿ ಹಾಕುತ್ತೇವೆ. ಚೀನಾದ ಹಳ್ಳಿಗಳಲ್ಲೂ ಮದುವೆ, ಸಾವಿನ ಮನೆಗಳಲ್ಲಿ ಯಾರು ಎಷ್ಟು ಕೊಟ್ಟರು ಎಂದು ಬರೆದಿಡುತ್ತಾರೆ. ಆ ಪಟ್ಟಿಗೆ ಲಿದಾನ್ ಎನ್ನುತ್ತಾರೆ. ಹೀಗೆ ಒಬ್ಬರ ಮೇಲೆ ಒಬ್ಬರಿಗೆ ಉಳಿಯುವ ಋಣಕ್ಕೆ ಅವರ ಮಾತು ರೆನ್‌ಚಿಂಗ್. ನಮ್ಮ ದಾಕ್ಷಿಣ್ಯಕ್ಕೆ ತೀರಾ ಹತ್ತಿರದ ಪದ. ಆ ಋಣ ಓಡಾಡುವ ದಾರಿಯೇ ಗ್ವಾನ್‌ಶಿ. ಲಂಚ ಕೊಟ್ಟರೆ ಕೆಲಸ ಆದ ಕೂಡಲೇ ಲೆಕ್ಕ ಚುಕ್ತಾ. ಮುಯ್ಯಿಯಲ್ಲಿ ಲೆಕ್ಕ ಚುಕ್ತಾ ಆಗಲೇಬಾರದು. ಕೊಟ್ಟದ್ದನ್ನು ಮರುದಿನವೇ ಪೈಸೆಗೆ ಪೈಸೆ ವಾಪಸ್ ಕೊಟ್ಟರೆ ನಿಮ್ಮ ಸಹವಾಸ ಬೇಡ ಎಂದ ಹಾಗೆ. ಅಲ್ಲೂ ಅಷ್ಟೇ, ಇಲ್ಲೂ ಅಷ್ಟೇ.

ಹಾಗಂತ ಅಲ್ಲಿ ಲಂಚ ಇಲ್ಲ ಎನ್ನುತ್ತಿಲ್ಲ. ಖರೀದಿ ಮ್ಯಾನೇಜರಿಗೆ ಕದ್ದು ಕೊಡುವ ಕಮಿಷನ್ನಿಗೆ ಹುಯ್‌ಕೋವ್ ಎಂಬ ಬೇರೆಯೇ ಪದ ಇದೆ. ಅವರೇ ಬೇರೆ ಹೆಸರಿಟ್ಟಿರುವಾಗ ನಾವೇಕೆ ಎರಡನ್ನೂ ಕಲಸಬೇಕು?

ಮಿಯೆನ್‌ತ್ಸ ಎಂದರೆ ಮುಖ, ನಾಲ್ಕು ಜನರ ಮುಂದಿನ ಮರ್ಯಾದೆ. ಇದನ್ನು ನಾನು ಕಲಿತದ್ದು ಒಂದು ತಕ್ಕಡಿಯಿಂದ.

2016ರಲ್ಲಿ ಗುವಾಂಗ್‌ಡಾಂಗ್ ಪ್ರಾಂತ್ಯದ ಗುಝೆನ್‌ಗೆ ಹೋಗಿದ್ದೆ. ಝಾಂಗ್‌ಶಾನ್ ನಗರಕ್ಕೆ ಸೇರಿದ ಊರು. ಬೀದಿ ತುಂಬ ದೀಪದ ಅಂಗಡಿ, ಹಿಂದೆ ದೀಪದ ಫ್ಯಾಕ್ಟರಿ. ನಾನು 15 ವ್ಯಾಟ್‌ನ 3,000 ಎಲ್‌ಇಡಿ ಡೌನ್‌ಲೈಟ್ ಆರ್ಡರ್ ಮಾಡಿದ್ದೆ. 30% ಮುಂಗಡ ಕೊಟ್ಟಾಗಿತ್ತು, ಉಳಿದ 70% ಮಾಲು ಹಡಗಿಗೆ ಹೋಗುವ ಮುಂಚೆ. ನಾನು ಒಪ್ಪಿದ್ದ ಸ್ಯಾಂಪಲ್ 340 ಗ್ರಾಂ ತೂಗುತ್ತಿತ್ತು. ಪ್ಯಾಕ್ ಆದ ಡಬ್ಬಿಗಳಿಂದ ಹತ್ತು ತೆಗೆದು ತೂಗಿದೆ. ಎಲ್ಲವೂ 290ರ ಆಸುಪಾಸು. ಒಳಗಿನ ಡ್ರೈವರ್, ಅಂದರೆ ಎಲ್‌ಇಡಿಗೆ ಕರೆಂಟ್ ಹದಮಾಡಿ ಕೊಡುವ ಸರ್ಕ್ಯೂಟ್, ಅದೇ ಇತ್ತು. ಕಡಿಮೆಯಾದದ್ದು ಹಿಂಬದಿಯ ಅಲ್ಯೂಮಿನಿಯಂ. ದೀಪದ ಶಾಖ ಎಳೆದು ಹೊರಹಾಕುವುದು ಆ ಲೋಹವೇ. ಅದು ತೆಳುವಾದರೆ ಎಲ್‌ಇಡಿ ಒಳಗೇ ಬೇಯುತ್ತದೆ, ಬೇಗ ಮಂಕಾಗುತ್ತದೆ. ಹಚ್ಚಿದ ಮೊದಲ ದಿನ ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಶೋರೂಮಿನಲ್ಲಿ ಮಾಲೀಕರಿದ್ದರು. ಅವರ ಮಗಳು, ಸೂಪರ್‌ವೈಸರ್, ದುಬೈಯಿಂದ ಬಂದ ಇನ್ನೊಬ್ಬ ಗಿರಾಕಿ ಕೂಡ ಇದ್ದರು. ನಾನು ತಕ್ಕಡಿಯನ್ನು ಟೇಬಲ್ ಮೇಲಿಟ್ಟು, ಎರಡು ದೀಪ ತೂಗಿ ತೋರಿಸಿ, "ಇದು ಮೋಸ" ಎಂದೆ. ಅನುವಾದ ಮಾಡುತ್ತಿದ್ದ ಹುಡುಗಿ ಒಂದು ಕ್ಷಣ ಸುಮ್ಮನಾದಳು. ಮಾಲೀಕರು ನಕ್ಕರು. "ಯೆನ್‌ಜಿಯೋ ಯೆನ್‌ಜಿಯೋ" ಎಂದರು. ಪರಿಶೀಲಿಸೋಣ ಎಂದು ಅದರ ಅರ್ಥ. ಸರಿ, ಒಪ್ಪಿಕೊಂಡರು ಅಂದುಕೊಂಡೆ. ಅದು ಒಪ್ಪಿಗೆಯಲ್ಲ, ಬಾಗಿಲು ಹಾಕಿದ್ದು. ಮುಂದಿನ ಆರು ದಿನ ಚೀನಾದವರ ಮೆಸೇಜ್ ಆ್ಯಪ್ ವಿಚಾಟ್‌ನಲ್ಲಿ ಒಂದಕ್ಷರ ಇಲ್ಲ. ನನ್ನ 30% ಅಲ್ಲಿ ಸಿಕ್ಕಿಕೊಂಡಿತ್ತು, ಬುಕ್ ಮಾಡಿದ್ದ ಕಂಟೇನರ್ ತಪ್ಪಿತು.

ನನ್ನ ಮಾಲು ಸಾಗಿಸುವ ಏಜೆಂಟ್ ಒಬ್ಬರು ಹೆಂಗಸು. ಮಾಲೀಕರ ಹೆಂಡತಿಯ ಜೊತೆ ಓದಿದವರು. ಒಟ್ಟಿಗೆ ಓದಿದ್ದು, ಒಂದೇ ಊರಿನವರಾಗಿದ್ದು, ಗ್ವಾನ್‌ಶಿ ಹುಟ್ಟುವುದು ಇಂಥ ಕಡೆಯೇ. ಅವರು ನನಗೆ ಹೇಳಿದ್ದು ಇಷ್ಟು: "ಒಬ್ಬರೇ ಹೋಗಿ. ತಕ್ಕಡಿ ಒಯ್ಯಬೇಡಿ. ಅವರಿಗೆ ಇಳಿದು ಬರಲು ಮೆಟ್ಟಿಲು ಕೊಡಿ." ಆ ಮೆಟ್ಟಿಲಿಗೆ ಚೀನೀ ಭಾಷೆಯಲ್ಲಿ ತಾಯ್‌ಜಿಯೆ ಎನ್ನುತ್ತಾರೆ. ಎಲ್ಲರೆದುರು ಎತ್ತರದಲ್ಲಿ ಸಿಕ್ಕಿಬಿದ್ದ ಮನುಷ್ಯ ಜಾರಿ ಬೀಳದೆ, ತಾನಾಗಿಯೇ ನಡೆದು ಇಳಿಯುವ ಹಾಗೆ ಮಾಡುವುದು.

ಹೋದೆ. ಮಾಲೀಕರು ಚಹಾ ಬಗ್ಗಿಸಿದರು. ಅಲ್ಯೂಮಿನಿಯಂ ಎರಕ ಅವರಲ್ಲಿ ಆಗುತ್ತಿರಲಿಲ್ಲ, ಹೊರಗಿನ ಶೆಡ್ಡಿನಿಂದ ಬರುತ್ತಿತ್ತು. "ಎರಕದವರು ನಿಮಗೆ ಹೇಳದೆ ಅಚ್ಚು ಬದಲಾಯಿಸಿರಬಹುದೇನೋ" ಎಂದೆ. ಅವರು ಇನ್ನೊಂದು ಲೋಟ ಬಗ್ಗಿಸಿ, "ಅವರ ಮೇಲೆ ನನಗೂ ಅನುಮಾನ ಇತ್ತು" ಎಂದರು. ಹನ್ನೆರಡು ದಿನದಲ್ಲಿ 3,000 ದೀಪಕ್ಕೂ ಹೊಸ ಹಿಂಬದಿ ಹಾಕಿಸಿದರು, ಅವರದೇ ಖರ್ಚಿನಲ್ಲಿ. ಕಂಟೇನರ್ ಮತ್ತೆ ಬುಕ್ ಮಾಡಿದ ಖರ್ಚು ನನ್ನದು.

ಅವರಿಗೆ ಮೊದಲೇ ಗೊತ್ತಿತ್ತಾ ಎಂದು ನಾನು ಇವತ್ತಿನವರೆಗೂ ಕೇಳಿಲ್ಲ. ಇದನ್ನು ಹೇಳಿದರೆ ಕೆಲವರು, "ಅಂದ್ರೆ ಕಳ್ಳನಿಗೆ ನೀವೇ ನೆಪ ಹೇಳಿಕೊಟ್ರಿ" ಎನ್ನುತ್ತಾರೆ. ನನಗೆ ಬೇಕಾದದ್ದು 340 ಗ್ರಾಂ. ಅದು ಬಂತು. ಅವರ ಬಾಯಿಂದ ತಪ್ಪೊಪ್ಪಿಗೆ ಹೊರಡಿಸಿದ್ದರೆ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು, ಗೋದಾಮು ಖಾಲಿ ಇರುತ್ತಿತ್ತು.

ಹಾಗಾಗಿ ಗಿಫ್ಟ್ ಏನು ಕೊಡಬೇಕು ಎಂದು ಕೇಳಬೇಡಿ. ತಪ್ಪು ಕಂಡಾಗ ಯಾರ ಮುಂದೆ, ಹೇಗೆ ಹೇಳಬೇಕು ಎಂದು ಕೇಳಿ. ಇದಕ್ಕಾದರೆ ಎಷ್ಟು ಹೊತ್ತು ಬೇಕಾದರೂ ಕೂತು ಹೇಳುತ್ತೇನೆ. ಫ್ಯಾಕ್ಟರಿಯ ಹುಡುಗರೆಲ್ಲ ಇರುವ ಚಾಟ್ ಗುಂಪಿನಲ್ಲಿ ನಾನು ದೂರು ಹಾಕುವುದಿಲ್ಲ. ಕೆಟ್ಟ ಮಾಲಿನ ಫೋಟೋ ಮಾಲೀಕರೊಬ್ಬರಿಗೇ ಹೋಗುತ್ತದೆ. ರಿಪೇರಿ ಮುಗಿದ ಮೇಲೆ ಥ್ಯಾಂಕ್ಸ್ ಮಾತ್ರ ಗುಂಪಿನಲ್ಲಿ, ಎಲ್ಲರಿಗೂ ಕಾಣುವ ಹಾಗೆ. "ಇದನ್ನು ಮಾಡೋಕಾಗುತ್ತಾ?" ಎಂದು ಜನರೆದುರು ಕೇಳುವುದನ್ನೂ ಬಿಟ್ಟಿದ್ದೇನೆ. ಆಗಲ್ಲ ಎಂದರೆ ಅವರ ಮುಖ ಹೋಗುತ್ತದೆ, ಆದ್ದರಿಂದ ಆಗುತ್ತದೆ ಎಂದೇ ಉತ್ತರ ಬರುತ್ತದೆ. "ಇದನ್ನು ಮಾಡಲು ಎಷ್ಟು ದಿನ, ಯಾವ ಮೆಷಿನ್?" ಎಂದು ಕೇಳಿದರೆ ನಿಜ ತಾನಾಗಿ ಹೊರಗೆ ಬರುತ್ತದೆ.

ತಕ್ಕಡಿಯನ್ನು ಮಾತ್ರ ಬಿಟ್ಟಿಲ್ಲ. ತೂಕವನ್ನು ಈಗ ಆರ್ಡರಿನಲ್ಲೇ ಬರೆಯುತ್ತೇನೆ, 70% ಕೊಡುವ ಮುಂಚೆ ಹೊರಗಿನವರಿಂದ ಪರೀಕ್ಷೆ ಮಾಡಿಸುತ್ತೇನೆ. ಹತ್ತು ವರ್ಷದ ಗೆಳೆತನ ಇದ್ದರೂ ಅಷ್ಟೇ. ಗ್ವಾನ್‌ಶಿ ಇದ್ದರೆ ತೊಂದರೆಯಾದಾಗ ಅವರು ಫೋನ್ ಎತ್ತುತ್ತಾರೆ. ಅದರಿಂದ ಅಲ್ಯೂಮಿನಿಯಂ ದಪ್ಪ ಆಗುವುದಿಲ್ಲ. ಇನ್ನೊಂದು, ಅದು ಕಂಪನಿಯ ಜೊತೆ ಇರುವುದಲ್ಲ, ಮನುಷ್ಯರ ಜೊತೆ. ಬೇರೆ ಫ್ಯಾಕ್ಟರಿಯಲ್ಲಿ ನನಗೆ ಚೆನ್ನಾಗಿ ಗೊತ್ತಿದ್ದ ಮ್ಯಾನೇಜರ್ ಕೆಲಸ ಬಿಟ್ಟ ವಾರವೇ ನಾನು ಅಲ್ಲಿ ಹೊಸಬನಾಗಿಬಿಟ್ಟೆ.

ಹೋದ ವರ್ಷ ನನ್ನ ಮಗಳ ಮದುವೆಗೆ ಗುಝೆನ್‌ನ ಆ ಮಾಲೀಕರು ಬೆಂಗಳೂರಿಗೇ ಬಂದಿದ್ದರು. ಕೆಂಪು ಲಕೋಟೆಯಲ್ಲಿ 8,888 ರೂಪಾಯಿ ಇತ್ತು. ಎಂಟು ಅವರಿಗೆ ಶುಭ. ಅಮ್ಮ ಅವರ ಹೆಸರನ್ನು ನನ್ನಿಂದ ಮೂರು ಸಲ ಹೇಳಿಸಿಕೊಂಡು ಪುಸ್ತಕದಲ್ಲಿ ಬರೆದರು. ಅವತ್ತು ಶೋರೂಮಿನಲ್ಲಿದ್ದ ಅವರ ಮಗಳಿಗೆ ಈಗ ಮದುವೆ ಗೊತ್ತಾಗಿದೆ. ಅಮ್ಮ ಪುಸ್ತಕ ತೆಗೆದು, "ಹತ್ತು ಸಾವಿರ ಹಾಕು" ಎಂದಿದ್ದಾರೆ. ಎಷ್ಟಾದರೂ ಹಾಕೋಣ, ಅದರಲ್ಲಿ ನಾಲ್ಕು ಮಾತ್ರ ಬರಬಾರದು ಎಂದೆ. ಅವರ ಭಾಷೆಯಲ್ಲಿ ನಾಲ್ಕು ಎಂದರೆ ಸಾವು ಎಂದಂತೆಯೇ ಕೇಳಿಸುತ್ತದೆ. ಅಮ್ಮ ಯಾಕೆ ಅಂತ ಕೇಳಲೇ ಇಲ್ಲ. "ನಾವು ಕೊನೆಗೆ ಒಂದು ರೂಪಾಯಿ ಸೇರಿಸಲ್ವಾ, ಹಾಗೆ" ಎಂದರು.