‘ರಾಕ್‌ಸ್ಟಾರ್ ಬೇಕು’ ಅನ್ನುವ ಜಾಹೀರಾತಿನ ಕೆಳಗಿನ ಸಾಲುಗಳು

‘ಫಾಸ್ಟ್-ಪೇಸ್ಡ್ ಕಂಪನಿ, ಸೆಲ್ಫ್-ಸ್ಟಾರ್ಟರ್ ಬೇಕು, ರಾಕ್‌ಸ್ಟಾರ್ ಬೇಕು ಅಂತೆಲ್ಲ ಹಾಕಿರ್ತಾರೆ. ಇದಕ್ಕೆ ರೆಸ್ಯೂಮೆಯಲ್ಲಿ ಏನಂತ ಬರೀಬೇಕು?’

ಮೊದಲು ಆ ಮೂರು ಪದಗಳನ್ನು ಪೆನ್ಸಿಲ್ಲಿನಿಂದ ಹೊಡೆದುಹಾಕಿ, ಉಳಿದದ್ದನ್ನು ಓದಿ. ನಾನು ಬೆಂಗಳೂರಿನಲ್ಲಿ ಹನ್ನೊಂದು ವರ್ಷಗಳಿಂದ ಕಂಪನಿಗಳಿಗೆ ಜನ ಹುಡುಕಿಕೊಡುವ ಕೆಲಸದಲ್ಲಿದ್ದೇನೆ. ಜಾಹೀರಾತು ಹೇಗೆ ತಯಾರಾಗುತ್ತದೆ ಎಂಬುದು ಗೊತ್ತಿದ್ದರೆ ಅದನ್ನು ಓದುವ ರೀತಿಯೇ ಬದಲಾಗುತ್ತದೆ. ಜನ ಬೇಕಾದ ಮ್ಯಾನೇಜರ್ ನಾಲ್ಕೈದು ಸಾಲಿನ ಮೇಲ್ ಕಳಿಸುತ್ತಾರೆ. ಎಚ್‌ಆರ್‌ನವರು ಹಳೆಯ ಜಾಹೀರಾತಿನ ಮೊದಲ ಪ್ಯಾರಾವನ್ನು ಅದರ ತಲೆಗೆ ಅಂಟಿಸಿ ಹಾಕಿಬಿಡುತ್ತಾರೆ. ಆ ಹೊಳೆಯುವ ಪದಗಳೆಲ್ಲ ಸಾಮಾನ್ಯವಾಗಿ ಈ ಅಂಟಿಸಿದ ಭಾಗದಲ್ಲೇ ಇರುತ್ತವೆ. ಮ್ಯಾನೇಜರ್ ಬರೆದದ್ದು ಕೆಳಗಿರುತ್ತದೆ: ಯಾರಿಗೆ ವರದಿ ಮಾಡಬೇಕು, ವಾರಕ್ಕೆ ಎಷ್ಟು ದಿನ, ಯಾವ ಸಾಫ್ಟ್‌ವೇರ್, ಯಾವ ಕೆಲಸ. ಮೇಲಿನ ಪದಕ್ಕೆ ಅರ್ಥ ಕೊಡುವುದು ಕೆಳಗಿನ ಆ ಸಾಲುಗಳೇ. ಕಾಲ್ ಸೆಂಟರಿನಲ್ಲಿ ಫಾಸ್ಟ್-ಪೇಸ್ಡ್ ಅಂದರೆ ಒಂದು ಕರೆ ಇಟ್ಟ ತಕ್ಷಣ ಇನ್ನೊಂದು ಕರೆ. ಲೆಕ್ಕದ ವಿಭಾಗದಲ್ಲಿ ಅದೇ ಪದಕ್ಕೆ ತಿಂಗಳ ಕೊನೆಯ ಐದು ದಿನದ ಓಟ ಎಂದರ್ಥ.

ಇತ್ತೀಚೆಗೆ ನಮ್ಮ ಚಿಕ್ಕಮ್ಮನ ಪಕ್ಕದ ಮನೆಯ ಹುಡುಗಿ ಇಂಥದೇ ಒಂದು ಜಾಹೀರಾತು ತಂದಿದ್ದಳು. ದಾವಣಗೆರೆಯ ಬಿ.ಕಾಂ., ಅಲ್ಲೇ ಒಂದು ಟ್ರಾನ್ಸ್‌ಪೋರ್ಟ್ ಕಂಪನಿಯಲ್ಲಿ ಎರಡು ವರ್ಷ ಲೆಕ್ಕ ಬರೆದವಳು. ಜಾಹೀರಾತು ಬೆಂಗಳೂರಿನ ಒಂದು ಡೆಲಿವರಿ ಸ್ಟಾರ್ಟ್‌ಅಪ್‌ನದು, ಆಪರೇಷನ್ಸ್ ಎಕ್ಸಿಕ್ಯೂಟಿವ್ ಹುದ್ದೆಗೆ. ಅವಳ ರೆಸ್ಯೂಮೆಯ ಮೊದಲ ಸಾಲಿನಲ್ಲೇ ‘ನಾನು ಸೆಲ್ಫ್-ಸ್ಟಾರ್ಟರ್, ಫಾಸ್ಟ್-ಪೇಸ್ಡ್ ವಾತಾವರಣಕ್ಕೆ ಹೊಂದಿಕೊಳ್ಳಬಲ್ಲೆ’ ಎಂದಿತ್ತು. ಎಲ್ಲರೂ ಮಾಡುವುದು ಇದನ್ನೇ, ಅವರ ಪದವನ್ನು ಅವರಿಗೇ ವಾಪಸ್ ಕೊಡುವುದು. ಇದರಿಂದ ಏನೂ ಸಿಗುವುದಿಲ್ಲ. ನೌಕ್ರಿಯಂಥ ಪೋರ್ಟಲ್‌ನಲ್ಲಿ ರೆಸ್ಯೂಮೆ ಹುಡುಕುವಾಗ ನಾನು ಸೆಲ್ಫ್-ಸ್ಟಾರ್ಟರ್ ಅಂತ ಒಮ್ಮೆಯೂ ಟೈಪ್ ಮಾಡಿಲ್ಲ. ಟೈಪ್ ಮಾಡುವುದು ಟ್ಯಾಲಿ, ಜಿಎಸ್‌ಟಿ, ವೆಂಡರ್ ಪೇಮೆಂಟ್.

ಇಬ್ಬರೂ ಕೂತು ಜಾಹೀರಾತಿನ ಕೆಳಭಾಗ ಓದಿದೆವು. ವಾರಕ್ಕೆ ಆರು ದಿನ ಕೆಲಸ, ವೆಂಡರ್‌ಗಳ ಬಿಲ್ಲನ್ನು ಅಂದಂದೇ ತಾಳೆ ನೋಡಬೇಕು, ತಿಂಗಳ ಲೆಕ್ಕ ಮುಗಿಸಬೇಕು ಎಂದಿತ್ತು. ಈ ಕಂಪನಿಯ ಫಾಸ್ಟ್-ಪೇಸ್ಡ್ ಇಷ್ಟೇ: ದಿನಕ್ಕೆ ಬಹಳ ಬಿಲ್, ಮೀರಲಾಗದ ಕೊನೆಯ ದಿನ. ಈಗ ರೆಸ್ಯೂಮೆಗೆ ಕೇಳಬೇಕಾದ ಪ್ರಶ್ನೆಗಳೂ ಎರಡೇ. ದಿನಕ್ಕೆ ಎಷ್ಟು ಬಿಲ್ ನೋಡುತ್ತಿದ್ದಳು? ಯಾವ ತಾರೀಖಿಗೆ ಕಟ್ಟುಬಿದ್ದು ಕೆಲಸ ಮಾಡಿದ್ದಾಳೆ? ಅವಳ ರೆಸ್ಯೂಮೆಯಲ್ಲಿ ಇದ್ದದ್ದು ‘ಲೆಕ್ಕಪತ್ರಗಳ ನಿರ್ವಹಣೆ’ ಎಂಬ ಎರಡು ಪದ. ಎರಡು ಪ್ರಶ್ನೆಗೂ ಉತ್ತರವಿಲ್ಲ.

‘ದಿನಕ್ಕೆ ಎಷ್ಟು ಬಿಲ್ ಎಂಟ್ರಿ ಮಾಡ್ತಿದ್ದೆ?’ ಅಂದೆ.

‘ಎಣಿಸಿಲ್ಲ ಅಕ್ಕ. ಒಂದು ಅರವತ್ತು ಇರಬಹುದು. ಜಿಎಸ್‌ಟಿ ಟೈಮಲ್ಲಿ ಜಾಸ್ತಿ.’

ಜಿಎಸ್‌ಟಿ ಟೈಮ್ ಅಂದರೆ ಅವಳಿಗೆ ನಿಜವಾದ ಗಡುವು. ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವ ವ್ಯಾಪಾರಿಗಳು ಜಿಎಸ್‌ಟಿಆರ್-1 ಅನ್ನು ಮುಂದಿನ ತಿಂಗಳ 11ರೊಳಗೆ ಸಲ್ಲಿಸಬೇಕು, ತಡವಾದರೆ ಲೇಟ್ ಫೀ. ಅವಳು ಎರಡು ವರ್ಷ ಅದರ ಮಾಹಿತಿ ಸಿದ್ಧಮಾಡಿ ಆಡಿಟರಿಗೆ ಕೊಟ್ಟಿದ್ದಳು, ಒಮ್ಮೆಯೂ ತಪ್ಪಿಸಿರಲಿಲ್ಲ. ಹಾಗಾಗಿ ಸಾಲು ಹೀಗಾಯಿತು: ‘ದಿನಕ್ಕೆ ಸುಮಾರು 60 ಬಿಲ್ ಟ್ಯಾಲಿಯಲ್ಲಿ ಎಂಟ್ರಿ, 24 ತಿಂಗಳು ಜಿಎಸ್‌ಟಿಆರ್-1 ಮಾಹಿತಿ ಗಡುವಿನೊಳಗೆ ಸಿದ್ಧ.’ ಇದನ್ನು ಓದಿದವರು ಬೆರಳಿಟ್ಟು ‘ಹೌದು, ಇದು ನಮಗೆ ಬೇಕು’ ಅನ್ನಬಹುದು.

ಅಂಕಿ ಹಾಕುವಾಗ ಉಬ್ಬಿಸಬೇಡಿ. ಎಂಟು ಗಂಟೆ ಅಂದರೆ 480 ನಿಮಿಷ. 60 ಬಿಲ್ ಆದರೆ ಒಂದಕ್ಕೆ ಎಂಟು ನಿಮಿಷ, ನಂಬಬಹುದು. 300 ಅಂತ ಬರೆದರೆ ಒಂದಕ್ಕೆ ಎರಡು ನಿಮಿಷವೂ ಬರುವುದಿಲ್ಲ. ಎದುರಿಗೆ ಕೂತವರು ಈ ಭಾಗಾಕಾರವನ್ನು ಮನಸ್ಸಿನಲ್ಲೇ ಮಾಡುತ್ತಾರೆ. ಆಮೇಲೆ ‘ಯಾವ ಬಿಲ್ ಹೆಚ್ಚು ತಡವಾಗ್ತಿತ್ತು, ಯಾಕೆ?’ ಎಂದು ಕೇಳುತ್ತಾರೆ. ಮಾಡಿದವರ ಬಳಿ ಇದಕ್ಕೆ ಉತ್ತರ ಸಿದ್ಧವಿರುತ್ತದೆ.

ಸೆಲ್ಫ್-ಸ್ಟಾರ್ಟರ್ ಪದಕ್ಕೆ ಸುಳಿವು ಇನ್ನೆರಡು ಸಾಲುಗಳಲ್ಲಿತ್ತು. ನೇರವಾಗಿ ಸಂಸ್ಥಾಪಕರಿಗೆ ವರದಿ ಮಾಡಬೇಕು, ಪ್ರೊಸೆಸ್‌ಗಳನ್ನು ಹೊಸದಾಗಿ ರೂಪಿಸಬೇಕು. ಅಂದರೆ ಈ ಕೆಲಸ ಕಲಿಸುವ ಸೀನಿಯರ್ ಅಲ್ಲಿ ಇರಲಾರರು, ಬರೆದಿಟ್ಟ ಪದ್ಧತಿಯೂ ಇರಲಾರದು. ಇದನ್ನು ಅಳೆಯಲು ಒಂದು ಪ್ರಶ್ನೆ ಸಾಕು: ಯಾರೂ ಹೇಳದೆ ನೀವು ಶುರುಮಾಡಿದ್ದು, ನೀವು ಬಿಟ್ಟ ಮೇಲೂ ನಡೆಯುತ್ತಿರುವುದು ಏನಾದರೂ ಇದೆಯೇ? ಪ್ರಶ್ನೆಯ ಎರಡನೇ ಅರ್ಧವೇ ನನಗೆ ಮುಖ್ಯ. ಉತ್ಸಾಹದಲ್ಲಿ ಶುರುಮಾಡಿದ ಕೆಲಸ ಬಹಳಷ್ಟು ಒಂದು ತಿಂಗಳಿಗೆ ನಿಂತುಹೋಗುತ್ತದೆ. ನಿಲ್ಲದೆ ಉಳಿದಿದ್ದರೆ ಅದು ಇನ್ನೊಬ್ಬರಿಗೆ ಉಪಯೋಗಕ್ಕೆ ಬಂದಿದೆ ಎಂದರ್ಥ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಎಲ್‌ಆರ್, ಅಂದರೆ ಲಾರಿ ರಸೀದಿಯ ವಿಷಯ ಹೇಳಿದಳು. ಲಾರಿ ಲೋಡಾದಾಗ ಎಲ್‌ಆರ್ ಕಾಪಿ ಡ್ರೈವರ್ ಜೊತೆ ಹೋಗುತ್ತದೆ. ಸರಕು ಇಳಿಸಿಕೊಂಡವರ ಸಹಿ, ಸೀಲು ಬಿದ್ದು ಅದು ವಾಪಸ್ ಬಂದರೆ ಮಾತ್ರ ಪಾರ್ಟಿಗಳು ಬಾಡಿಗೆ ಕೊಡುತ್ತಿದ್ದರು. ಎಷ್ಟೋ ಕಾಗದ ಡ್ರೈವರ್‌ಗಳ ಕ್ಯಾಬಿನ್‌ನಲ್ಲೇ ಉಳಿದು ದುಡ್ಡು ನಿಲ್ಲುತ್ತಿತ್ತು. ಅವಳು ಒಂದು ಎಕ್ಸೆಲ್ ಶೀಟಿನಲ್ಲಿ ಲಾರಿ ನಂಬರ್, ಹೊರಟ ದಿನ, ಕಾಗದ ಬಂದ ದಿನ ಬರೆದಿಡತೊಡಗಿದಳು. ಹತ್ತು ದಿನ ದಾಟಿದ ಸಾಲು ಕೆಂಪಾಗುವಂತೆ ಮಾಡಿ, ದಿನಾ ಬೆಳಿಗ್ಗೆ ಕೆಂಪು ಸಾಲಿನ ಡ್ರೈವರ್‌ಗಳಿಗೆ ಫೋನ್ ಮಾಡುತ್ತಿದ್ದಳು.

‘ಸಾಹುಕಾರ್ರು ಹೇಳಿದ್ರಾ ಮಾಡು ಅಂತ?’

‘ಇಲ್ಲಕ್ಕ. ಪಾರ್ಟಿಯವರು ನನ್ನನ್ನೇ ಬೈತಿದ್ರು, ಅದಕ್ಕೆ ಮಾಡ್ಕೊಂಡೆ. ಈಗ ನನ್ನ ಜಾಗಕ್ಕೆ ಬಂದಿರೋ ಹುಡುಗನೂ ಅದೇ ಶೀಟ್ ನೋಡ್ತಾನೆ.’

ಇದು ರೆಸ್ಯೂಮೆಯಲ್ಲಿ ಎಲ್ಲೂ ಇರಲಿಲ್ಲ. ಇದು ತನ್ನ ಕೆಲಸವೇ ಅಲ್ಲ ಎಂದುಕೊಂಡು ಬಿಟ್ಟಿದ್ದಳು. ಎರಡು ಸಾಲಿನಲ್ಲಿ ಬರೆಸಿದೆ. ವಸೂಲಿ ಎಷ್ಟು ಬೇಗವಾಯಿತು ಎಂಬ ಲೆಕ್ಕ ಅವಳ ಬಳಿ ಇರಲಿಲ್ಲ, ಹಾಗಾಗಿ ಶೇಕಡಾ ಏನೂ ಹಾಕಲಿಲ್ಲ.

ಇನ್ನು ರಾಕ್‌ಸ್ಟಾರ್. ಮೂರರಲ್ಲಿ ಅತ್ಯಂತ ಪೊಳ್ಳು ಪದ ಇದೇ, ಎಷ್ಟೋ ಸಲ ಇದಕ್ಕೆ ಕೆಳಗೆ ಯಾವ ಆಧಾರವೂ ಸಿಗುವುದಿಲ್ಲ. ಆಗ ಬಿಟ್ಟುಬಿಡಿ, ಇಲ್ಲದ ಅರ್ಥ ಕಲ್ಪಿಸಿಕೊಳ್ಳಬೇಡಿ. ಒಂದು ಪರೀಕ್ಷೆ ಮಾತ್ರ ಮಾಡಿ ನೋಡಿ: ಕೆಲಸಗಳ ಪಟ್ಟಿಯನ್ನು ವಿಭಾಗವಾರು ಬಿಡಿಸಿ ಎಣಿಸಿ. ಈ ಜಾಹೀರಾತಿನಲ್ಲಿ ಹದಿನಾಲ್ಕು ಕೆಲಸಗಳಿದ್ದವು. ಆರು ಲೆಕ್ಕಕ್ಕೆ ಸೇರಿದವು, ನಾಲ್ಕು ಗ್ರಾಹಕರ ದೂರಿನವು, ಮೂರು ಡೆಲಿವರಿ ಹುಡುಗರನ್ನು ಸೇರಿಸಿಕೊಳ್ಳುವುದು, ಒಂದು ಇನ್‌ಸ್ಟಾಗ್ರಾಂ ಪೇಜ್ ನೋಡಿಕೊಳ್ಳುವುದು. ಇಲ್ಲಿ ರಾಕ್‌ಸ್ಟಾರ್ ಅಂದರೆ ಮೂರು ಜನರ ಕೆಲಸ ಒಬ್ಬರ ತಲೆಗೆ. ಯಾವುದು ಮೊದಲು ಎಂದು ಜಾಹೀರಾತು ಹೇಳುತ್ತಿರಲಿಲ್ಲ. ಊಹಿಸುವುದಕ್ಕಿಂತ ಕೇಳುವುದು ಒಳ್ಳೆಯದು. ಕೆಳಗಿದ್ದ ನಂಬರಿಗೆ ಫೋನ್ ಮಾಡಿ ಅವಳು ಒಂದೇ ಪ್ರಶ್ನೆ ಕೇಳಿದಳು: ‘ಸೇರಿದವರು ಮೊದಲ ಮೂರು ತಿಂಗಳಲ್ಲಿ ಏನು ಮಾಡಿ ಮುಗಿಸಿರಬೇಕು ಸರ್?’

ವೆಂಡರ್‌ಗಳ ಹಳೆಯ ಬಾಕಿ ಸರಿಹೊಂದಿಸುವುದು ಮೊದಲು, ಉಳಿದದ್ದು ಆಮೇಲೆ ಅಂದರಂತೆ. ಹದಿನಾಲ್ಕು ಕೆಲಸ ಒಂದಕ್ಕೆ ಇಳಿಯಿತು. ನಾವು ಎಲ್‌ಆರ್ ಶೀಟಿನ ಸಾಲನ್ನು ರೆಸ್ಯೂಮೆಯ ಮೇಲ್ತುದಿಗೆ ತಂದೆವು, ಬಿಲ್ಲಿನ ಸಾಲನ್ನು ಅದರ ಕೆಳಗಿಟ್ಟೆವು. ಡ್ರೈವರ್‌ಗಳೊಂದಿಗೆ ದಿನಾ ಫೋನಿನಲ್ಲಿ ವ್ಯವಹರಿಸಿದ್ದು ಮೂರನೆಯದಾಯಿತು. ಜನರನ್ನು ಸೇರಿಸಿಕೊಳ್ಳುವ ಅನುಭವ ಅವಳಿಗಿರಲಿಲ್ಲ, ಅದರ ಬಗ್ಗೆ ಏನೂ ಬರೆಯಲಿಲ್ಲ. ಸೆಲ್ಫ್-ಸ್ಟಾರ್ಟರ್ ಎಂದಿದ್ದ ಮೊದಲ ಸಾಲನ್ನು ಅವಳೇ ಅಳಿಸಿದಳು.