ದಿನಚರಿ: ಹದಿನಾರು ಪದದ ಬ್ಯಾಗು

12 ನವೆಂಬರ್ 2024, ಮಂಗಳವಾರ

ಬೆಳಿಗ್ಗೆಯಿಂದ ಒಂದೇ ವಾಕ್ಯದ ಜೊತೆ ಗುದ್ದಾಟ. ದುಬಾರಿ ಚರ್ಮದ ಬ್ಯಾಗಿಗೆ ಉತ್ಪನ್ನ ವಿವರಣೆ ತಿದ್ದಿಕೊಡಬೇಕಿತ್ತು. ಬ್ಯಾಗಿನ ಕಂಪನಿಯವರು ಕಳಿಸಿದ್ದು ಇದು:

"ಅತ್ಯುತ್ತಮ ಗುಣಮಟ್ಟದ ಅಪ್ಪಟ ಚರ್ಮದಿಂದ, ನುರಿತ ಕುಶಲಕರ್ಮಿಗಳು ಅತ್ಯಂತ ಎಚ್ಚರಿಕೆಯಿಂದ ಕೈಯಲ್ಲೇ ಹೊಲಿದ, ಕಾಲಾತೀತ ಸೊಬಗಿನ, ನಿಜಕ್ಕೂ ಅನನ್ಯವಾದ ಐಷಾರಾಮಿ ಬ್ಯಾಗ್."

ಹದಿನಾರು ಪದ. ಓದಿ ಕಣ್ಣು ಮುಚ್ಚಿದರೆ ಬ್ಯಾಗ್ ಕಾಣುವುದೇ ಇಲ್ಲ. ಇದನ್ನೇ ವಾಚಿಗೂ ಸೋಫಾಕ್ಕೂ ಅಂಟಿಸಬಹುದು, ಎರಡು ಪದ ಬದಲಿಸಿದರೆ ಸಾಕು.

ನಾನು ಪ್ರತಿ ವಿಶೇಷಣವನ್ನೂ ತಿರುಗಿಸಿ ನೋಡುತ್ತೇನೆ. ಇದರ ಉಲ್ಟಾ ಮಾತನ್ನು ಯಾರಾದರೂ ತಮ್ಮ ಬ್ಯಾಗಿನ ಬಗ್ಗೆ ಬರೆದುಕೊಳ್ಳುತ್ತಾರಾ? "ಎಚ್ಚರಿಕೆಯಿಲ್ಲದೆ ಹೊಲಿದ" ಅಂತ ಯಾರೂ ಬರೆಯುವುದಿಲ್ಲ. ಹಾಗಾದರೆ "ಎಚ್ಚರಿಕೆಯಿಂದ" ಅನ್ನೋದು ಏನನ್ನೂ ಹೇಳುತ್ತಿಲ್ಲ, ಹೊಡೆದು ಹಾಕಿದೆ. ನುರಿತ, ಅತ್ಯುತ್ತಮ, ಅನನ್ಯ ಎಲ್ಲ ಅದರ ಹಿಂದೆಯೇ ಹೋದವು. "ನಿಜಕ್ಕೂ" ಅಂತೂ ಸುಮ್ನೆ ಅನುಮಾನ ಹುಟ್ಟಿಸುವ ಪದ. ಹಾಗಾದರೆ ಉಳಿದದ್ದೆಲ್ಲ ಸುಳ್ಳಾ ಅಂತ ಕೇಳಬೇಕು ಅನಿಸುತ್ತದೆ, ಅಲ್ವಾ?

"ಅಪ್ಪಟ" ಸ್ವಲ್ಪ ತಡೆಯಿತು. ರೆಕ್ಸಿನ್ ಬ್ಯಾಗೂ ಇರುತ್ತದಲ್ಲ, ಉಲ್ಟಾ ಇದೆ. ಆದರೆ "ಚರ್ಮ" ಅಂದಮೇಲೆ ಅದು ಚರ್ಮವೇ. ಮೇಲಾಗಿ ತೊಗಲನ್ನು ಸೀಳಿದಾಗ ಸಿಗುವ ಕೆಳಪದರವೂ ಅಪ್ಪಟ ಚರ್ಮವೇ. ಕಡಿಮೆ ದರ್ಜೆಯ ಮಾಲಿನ ಮೇಲೂ "ಜೆನ್ಯೂನ್ ಲೆದರ್" ಅಂತ ಅಚ್ಚೊತ್ತಿರುತ್ತಾರೆ. ಅದನ್ನೂ ತೆಗೆದೆ.

ಉಳಿದದ್ದು: "ಕೈಯಲ್ಲಿ ಹೊಲಿದ ಚರ್ಮದ ಬ್ಯಾಗ್." ನಾಲ್ಕು ಪದ. ಚೊಕ್ಕವಾಗಿದೆ, ಆದರೆ ಗೋದಾಮಿನ ಪಟ್ಟಿಯ ಹಾಗಿದೆ. ವಿಶೇಷಣ ಕಿತ್ತ ಜಾಗದಲ್ಲಿ ತೂತು ಕಾಣುತ್ತದೆ. ಬರೆದವರಿಗೆ ವಿಷಯ ಗೊತ್ತಿರಲಿಲ್ಲ, ಅದಕ್ಕೇ ಆ ತೂತಿಗೆ "ಅತ್ಯಂತ" ತುರುಕಿದ್ದರು.

ಹೊಲಿಯುವವರಿಗೇ ಫೋನ್ ಮಾಡಿದೆ.

"ಪೂರ್ತಿ ಕೈಹೊಲಿಗೆನಾ?" ಅಂತ ಕೇಳಿದೆ.

"ಇಲ್ಲ ಸಾರ್, ಹಿಡಿ ಮಾತ್ರ. ಉಳಿದದ್ದು ಮಷಿನ್ನು."

ಎದೆ ಧಸಕ್ಕೆಂದಿತು. ನನ್ನ ಚೊಕ್ಕ ನಾಲ್ಕು ಪದ ಶುದ್ಧ ಸುಳ್ಳಾಗಿತ್ತು. ಮೂಲ ವಾಕ್ಯವೂ ಅದೇ ಸುಳ್ಳು ಹೇಳುತ್ತಿತ್ತು, ಅಷ್ಟು ಅಲಂಕಾರದ ನಡುವೆ ನನ್ನ ಕಣ್ಣಿಗೆ ಬೀಳಲಿಲ್ಲ ಅಷ್ಟೇ. "ಮಾತ್ರ", "ಸುಮಾರು", "ಬಹುಪಾಲು" ಇಂಥ ಪದಗಳ ಮೇಲೆ ಕತ್ತರಿ ಆಡಿಸುವಾಗ ಕೈ ತಡೆಯಬೇಕು. ಅವು ಅಲಂಕಾರ ಅಲ್ಲ, ಮಾತಿನ ಗಡಿ.

ಹಿಡಿಯನ್ನು ಹೇಗೆ ಹೊಲಿಯುತ್ತೀರಿ ಅಂತ ಕೇಳಿದ್ದಕ್ಕೆ ಅವರು ಹತ್ತು ನಿಮಿಷ ಖುಷಿಯಿಂದ ಮಾತಾಡಿದರು. ಒಂದೇ ದಾರ, ಎರಡು ತುದಿಗೂ ಸೂಜಿ. ಪ್ರತಿ ತೂತಿನಲ್ಲೂ ಎರಡೂ ಸೂಜಿ ಎದುರುಬದುರು ದಾಟಬೇಕು. ಮಷಿನ್ ಹೊಲಿಗೆಯಲ್ಲಿ ಮೇಲಿನ ದಾರ, ಬಾಬಿನ್ ದಾರ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತವೆ. ಒಂದು ಕಡೆ ಹರಿದರೆ ಎಳೆದಂತೆಲ್ಲ ಸಾಲು ಬಿಚ್ಚಿಕೊಳ್ಳಬಹುದು. ಈ ಕೈಹೊಲಿಗೆಯಲ್ಲಿ ಹಾಗಾಗುವುದಿಲ್ಲ, ಪಕ್ಕದ ಹೊಲಿಗೆ ಹಿಡಿದುಕೊಂಡಿರುತ್ತದೆ. ಚರ್ಮವನ್ನು ಮರದ ತೊಗಟೆಯ ರಸದಲ್ಲಿ ಹದ ಮಾಡಿದ್ದು, ಕೈ ತಾಗಿದ ಕಡೆ ಬಣ್ಣ ಏರುತ್ತದೆ ಅಂದರು.

ಸಂಜೆಗೆ ಹೀಗಾಯಿತು:

"ಹಿಡಿಯನ್ನು ಒಂದೇ ದಾರ, ಎರಡು ಸೂಜಿಯಿಂದ ಕೈಯಲ್ಲಿ ಹೊಲಿದಿದ್ದೇವೆ. ಒಂದು ಹೊಲಿಗೆ ಕಿತ್ತರೂ ಪಕ್ಕದ್ದು ಬಿಚ್ಚುವುದಿಲ್ಲ. ತೊಗಟೆಯ ರಸದಲ್ಲಿ ಹದ ಮಾಡಿದ ಚರ್ಮ. ನೀವು ಹಿಡಿಯುವ ಜಾಗ ಮೊದಲು ಕಪ್ಪಾಗುತ್ತದೆ."

ಎಣಿಸಿದೆ, ಇಪ್ಪತ್ತೆರಡು ಪದ! ಕತ್ತರಿಸಲು ಕೂತವನು ಆರು ಪದ ಜಾಸ್ತಿ ಮಾಡಿದ್ದೆ. ಆದರೂ ಇದರಲ್ಲಿ ಯಾವುದನ್ನು ಕಿತ್ತರೂ ಏನೋ ಒಂದು ಕಳೆದುಹೋಗುತ್ತದೆ. "ಒಂದೇ", "ಎರಡು" ಕೂಡ ವಿಶೇಷಣಗಳೇ. ಅವನ್ನು ತೆಗೆದು ಓದಿದೆ: "ದಾರ, ಸೂಜಿಯಿಂದ ಕೈಯಲ್ಲಿ ಹೊಲಿದಿದ್ದೇವೆ". ಮತ್ತೇನು, ಮೊಳೆ ಹೊಡೆಯುತ್ತಾರಾ? "ಮೊದಲು" ಕ್ರಿಯಾವಿಶೇಷಣ, ಅದೂ ಉಳಿಯಿತು. ಅದಿಲ್ಲದಿದ್ದರೆ ಹಿಡಿದ ಜಾಗ ಮಾತ್ರ ಕಪ್ಪಾಗಿ ಉಳಿದದ್ದು ಹಾಗೇ ಇರುತ್ತದೆ ಅಂತ ಅರ್ಥವಾಗುತ್ತದೆ. ನಿಜಕ್ಕೆ ನಿಧಾನವಾಗಿ ಇಡೀ ಬ್ಯಾಗಿನ ಬಣ್ಣ ಏರುತ್ತದಂತೆ. (ಈಗ ನಾನೇ "ನಿಜಕ್ಕೆ" ಬರೆದೆ. ದಿನಚರಿಗೆ ಮಾಫಿ.)

ರಾತ್ರಿ ಕಂಪನಿಯವರ ಉತ್ತರ ಬಂತು. "ಐಷಾರಾಮಿ" ಹೋದದ್ದಕ್ಕೆ ಚಕಾರ ಇಲ್ಲ, ಆಶ್ಚರ್ಯ. "ಕಪ್ಪಾಗುತ್ತದೆ" ಮಾತ್ರ ಬೇಡವಂತೆ, ಕೊಳೆ ಹಿಡಿದಂತೆ ಕೇಳಿಸುತ್ತದಂತೆ. ಮೊದಲು ಸಿಟ್ಟು ಬಂತು. ಜೋರಾಗಿ ಓದಿಕೊಂಡೆ. ಅವರು ಹೇಳಿದ್ದು ಸರಿ.

"ನೀವು ಹಿಡಿಯುವ ಜಾಗದ ಬಣ್ಣ ಮೊದಲು ಗಾಢವಾಗುತ್ತದೆ."

ಇಪ್ಪತ್ತಮೂರು ಪದ. ಕಳಿಸಿ ಮಲಗಿದೆ.