ತಾಳಮದ್ದಳೆ ಚಾನೆಲ್‌ನ ಲೆಕ್ಕ: 60,000 ವ್ಯೂಸ್ ಅಂದರೆ ಎಷ್ಟು ಜನ?

ಅಂಧೇರಿಯ ಒಂದು ಸಣ್ಣ ಡಿಜಿಟಲ್ ಏಜೆನ್ಸಿಯಲ್ಲಿ ನನ್ನ ಕೆಲಸ. ಮುಂಬೈ ಕನ್ನಡಿಗರು ನಡೆಸುವ ಕೆಲವು ಯೂಟ್ಯೂಬ್ ಚಾನೆಲ್‌ಗಳ ಲೆಕ್ಕ ನೋಡುವುದು, ಅವಕ್ಕೆ ಪ್ರಾಯೋಜಕರನ್ನು ಹುಡುಕುವುದು ನನ್ನ ಪಾಲಿನದು. ಅದರಲ್ಲಿ ಒಂದು ತಾಳಮದ್ದಳೆಯ ಚಾನೆಲ್. ಡೊಂಬಿವಲಿಯಲ್ಲಿ ಹೋಟೆಲ್ ಇಟ್ಟಿರುವ ಶೆಟ್ರೊಬ್ಬರು ಇದಕ್ಕೆ ಜಾಹೀರಾತು ಕೊಡುವ ಮನಸ್ಸು ಮಾಡಿದ್ದರು. ಚಾನೆಲ್‌ನ ಅಂಕಿಅಂಶ ಸಿಗುವ ಯೂಟ್ಯೂಬ್ ಸ್ಟುಡಿಯೋ ತೆರೆದು, ಹಿಂದಿನ 28 ದಿನಗಳಲ್ಲಿ 60,000 ವ್ಯೂಸ್ ಬಂದಿದೆ ಅಂತ ತೋರಿಸಿದೆ. ಅವರು ಕೂಡಲೇ ಕೇಳಿದರು: "ಅಲ್ಲ ಮಾರಾಯಾ, ಅರುವತ್ತು ಸಾವಿರ ಸಲ ಓಡಿದೆ ಅಂತಲಾ, ಇಲ್ಲ ಅರುವತ್ತು ಸಾವಿರ ಜನ ನೋಡಿದ್ದಾರೆ ಅಂತಲಾ?"

ದುಡ್ಡು ಹಾಕುವವರು ಕೇಳಲೇಬೇಕಾದ ಪ್ರಶ್ನೆ ಇದು. ಅದಕ್ಕೆ ಉತ್ತರ ಅದೇ ಸ್ಟುಡಿಯೋದಲ್ಲಿ ಇನ್ನೊಂದು ಜಾಗದಲ್ಲಿತ್ತು. ಅದೇ 28 ದಿನಗಳ ಯೂನಿಕ್ ವ್ಯೂವರ್ಸ್ 15,000. (ಲೆಕ್ಕ ಸುಲಭವಾಗಲಿ ಅಂತ ಎಲ್ಲ ಅಂಕಿಗಳನ್ನೂ ಇಲ್ಲಿ ದುಂಡಗೆ ಮಾಡಿದ್ದೇನೆ.) ಅಂದರೆ ಒಬ್ಬೊಬ್ಬರಿಗೆ ಸರಾಸರಿ 4 ವ್ಯೂಸ್. ಶೆಟ್ರಿಗೆ ಅವರ ಗಲ್ಲಾಪೆಟ್ಟಿಗೆಯ ಭಾಷೆಯಲ್ಲೇ ಹೇಳಿದೆ. ಬೆಳಿಗ್ಗೆ ಚಹಾ, ಮಧ್ಯಾಹ್ನ ಊಟ, ಸಂಜೆ ಬನ್ಸ್ ಅಂತ ಒಬ್ಬರೇ ಮೂರು ಸಲ ಬಂದರೆ ಬಿಲ್ಲು ಮೂರು, ಗಿರಾಕಿ ಒಬ್ಬರೇ ಅಲ್ವಾ? ವ್ಯೂಸ್ ಅಂದರೆ ಬಿಲ್ಲು. ಯೂನಿಕ್ ವ್ಯೂವರ್ಸ್ ಅಂದರೆ ಗಿರಾಕಿ.

ಈ ಚಾನೆಲ್‌ನಲ್ಲಿ ವ್ಯೂಸ್ ಇಷ್ಟು ಜಾಸ್ತಿ ಆಗುವುದಕ್ಕೆ ಒಂದು ಸರಳ ಕಾರಣ ಇದೆ. ಎರಡು-ಮೂರು ಗಂಟೆಯ ಪ್ರಸಂಗವನ್ನು ಇವರು ನಾಲ್ಕು ಭಾಗ ಮಾಡಿ ಹಾಕುತ್ತಾರೆ. ಪೂರ್ತಿ ಕೇಳಿದ ಒಬ್ಬರಿಂದಲೇ ನಾಲ್ಕು ವ್ಯೂಸ್. ರಾತ್ರಿ ಅರ್ಥಗಾರಿಕೆ ಕೇಳುತ್ತಾ ನಿದ್ದೆ ಹೋಗಿ, ಮರುದಿನ ಲೋಕಲ್ ಟ್ರೇನಿನಲ್ಲಿ ಅದೇ ಭಾಗ ಮತ್ತೆ ಹಾಕಿದರೆ ಇನ್ನೊಂದು. ಇದರಲ್ಲಿ ಮೋಸ ಏನೂ ಇಲ್ಲ. ಹಾಗಂತ ಅದನ್ನು ಜನರ ಲೆಕ್ಕ ಅಂತ ಮಾರುವಂತಿಲ್ಲ.

ಇಲ್ಲಿಯ ತನಕ ಹೆಚ್ಚಿನವರಿಗೆ ಗೊತ್ತಿರುತ್ತದೆ. ಎಡವುವುದು ಮುಂದಿನ ಹೆಜ್ಜೆಯಲ್ಲಿ, ಯೂನಿಕ್ ವ್ಯೂವರ್ಸ್ ಅನ್ನು ಕೂಡಿಸುವಾಗ. ಚಾನೆಲ್ ನಡೆಸುವವರು ಪ್ರತಿ ಸೋಮವಾರ ಹಿಂದಿನ ವಾರದ ಯೂನಿಕ್ ವ್ಯೂವರ್ಸ್ ಬರೆದಿಟ್ಟುಕೊಳ್ಳುತ್ತಿದ್ದರು. ನಾಲ್ಕು ವಾರಕ್ಕೆ 6,000, 5,500, 7,000, 6,500. ಕೂಡಿಸಿದರೆ 25,000. ಸ್ಟುಡಿಯೋ ನೋಡಿದರೆ ಅದೇ ನಾಲ್ಕು ವಾರಕ್ಕೆ 15,000 ಅನ್ನುತ್ತದೆ. "ಹತ್ತು ಸಾವಿರ ಜನ ಎಲ್ಲಿ ಹೋದರು?" ಅಂತ ಅವರು ಗಾಬರಿಯಾಗಿ ಫೋನ್ ಮಾಡಿದರು.

ಎಲ್ಲಿಗೂ ಹೋಗಿಲ್ಲ. ನಾಲ್ಕೂ ವಾರ ಬಂದವರನ್ನು ಪ್ರತಿ ವಾರದ ಲೆಕ್ಕವೂ ಒಂದೊಂದು ಸಲ ಎಣಿಸಿದೆ. ಕೂಡಿಸಿದಾಗ ಅವರು ನಾಲ್ವರಾದರು. ತಿಂಗಳ ಲೆಕ್ಕದಲ್ಲಿ ಅವರು ಒಬ್ಬರೇ. ವ್ಯೂಸ್ ಅನ್ನು ದಿನಕ್ಕೆ ದಿನ, ವಾರಕ್ಕೆ ವಾರ ಕೂಡಿಸಬಹುದು. ಜನರನ್ನು ಹಾಗೆ ಕೂಡಿಸಲು ಬರುವುದಿಲ್ಲ. ಯಾವ ಅವಧಿ ಬೇಕೋ ಅದನ್ನೇ ಆರಿಸಿ, ಅಲ್ಲಿ ಸಿಗುವ ಸಂಖ್ಯೆಯನ್ನೇ ತೆಗೆದುಕೊಳ್ಳಬೇಕು.

ವಿಡಿಯೋದಿಂದ ವಿಡಿಯೋಗೆ ಕೂಡಿಸುವಾಗಲೂ ಇದೇ ಕಥೆ. ಒಂದು ಪ್ರಸಂಗದ ನಾಲ್ಕು ಭಾಗಗಳಿಗೆ ಯೂನಿಕ್ ವ್ಯೂವರ್ಸ್ 3,000, 1,800, 1,400, 1,200 ಇತ್ತು. ಕೂಡಿಸಿದರೆ 7,400. ಆದರೆ ಆ ಪ್ರಸಂಗ ಕೇಳಿದವರು 7,400 ಜನ ಅಂತ ಬರೆದರೆ ಅದು ಒಂದು ಭಾಗ ಕೇಳಿದವರು ಯಾರೂ ಇನ್ನೊಂದು ಭಾಗಕ್ಕೆ ಹೋಗಲೇ ಇಲ್ಲ ಅಂದ ಹಾಗೆ. ಖಂಡಿತವಾಗಿ ಹೇಳಬಹುದಾದ್ದು ಇಷ್ಟೇ: 3,000ಕ್ಕಿಂತ ಕಡಿಮೆ ಇಲ್ಲ, 7,400ಕ್ಕಿಂತ ಹೆಚ್ಚಿಲ್ಲ. ಭಾಗ ಭಾಗವಾಗಿ ಬರುವ ಪ್ರಸಂಗಕ್ಕೆ ನಿಜ ಸಂಖ್ಯೆ 3,000ದ ಹತ್ತಿರವೇ ಇರುತ್ತದೆ ಅಂತ ನನ್ನ ಅಂದಾಜು. ಮೊದಲ ಭಾಗ ಬಿಟ್ಟು ನೇರ ಮೂರನೆಯದಕ್ಕೆ ಹೋಗುವವರು ಕಡಿಮೆ.

ಇನ್ನು ರಿಟರ್ನಿಂಗ್ ವ್ಯೂವರ್ಸ್. ಈ ಚಾನೆಲ್ಲನ್ನು ಮೊದಲೇ ನೋಡಿದ್ದು, ಆರಿಸಿದ ಅವಧಿಯಲ್ಲಿ ಮತ್ತೆ ಬಂದವರು. ಆ ತಿಂಗಳು ಅವರು ಸುಮಾರು 6,000. ಶೆಟ್ರಿಗೆ ಬೇಕಾಗಿದ್ದು ಇವರೇ. ಹೋಟೆಲಿನ ಹೆಸರು ಒಂದು ಸಲ ಕಣ್ಣಿಗೆ ಬಿದ್ದರೆ ಯಾರೂ ಊಟಕ್ಕೆ ಬರುವುದಿಲ್ಲ. ನಾಲ್ಕಾರು ಸಲ ಕಂಡರೆ ನೆನಪಿರುತ್ತದೆ. ಅದೇ ಮಾಟುಂಗದಲ್ಲಿ ಭಾನುವಾರ ಒಂದು ಆಟ ಇದೆ ಅಂತ ಸುದ್ದಿ ಮುಟ್ಟಿಸುವುದಾದರೆ ನಾನು ಯೂನಿಕ್ ವ್ಯೂವರ್ಸ್ ನೋಡುತ್ತಿದ್ದೆ. ಅಲ್ಲಿ ಎಷ್ಟು ಬೇರೆ ಬೇರೆ ಜನರಿಗೆ ತಲುಪಿತು ಅನ್ನುವುದೇ ಮುಖ್ಯ.

ಮುಂದಿನ ತಿಂಗಳೇ ಇದಕ್ಕೆ ಒಳ್ಳೆಯ ಪರೀಕ್ಷೆ ಎದುರಾಯಿತು. ಭಾಗವತರ ಒಂದು ಪದ್ಯದ ಶಾರ್ಟ್ಸ್ ಚೆನ್ನಾಗಿ ಓಡಿತು. ಚಾನೆಲ್‌ನ ವ್ಯೂಸ್ 60,000ದಿಂದ 90,000ಕ್ಕೆ ಏರಿತು. ರಿಟರ್ನಿಂಗ್ ವ್ಯೂವರ್ಸ್ ಮಾತ್ರ 6,000ದ ಆಸುಪಾಸಿನಲ್ಲೇ ನಿಂತಿತು. 2025ರ ಮಾರ್ಚ್ 31ರಿಂದ ಯೂಟ್ಯೂಬ್ ಶಾರ್ಟ್ಸ್‌ಗೆ ಎಣಿಕೆಯ ಕ್ರಮ ಬದಲಾಗಿದೆ. ಶಾರ್ಟ್ಸ್ ಶುರುವಾದರೆ ಒಂದು ವ್ಯೂ, ತಾನಾಗಿ ಮತ್ತೆ ಓಡಿದರೆ ಇನ್ನೊಂದು. ಇಷ್ಟು ಸೆಕೆಂಡ್ ನೋಡಿರಲೇಬೇಕು ಅಂತಿಲ್ಲ. ಪದ್ಯ ಇಷ್ಟವಾಗಿ ಮೂರು ಸಲ ಕೇಳಿದವರೂ, ಸುಮ್ನೆ ಬೆರಳು ಆಡಿಸಿ ದಾಟಿದವರೂ ಅದರಲ್ಲಿದ್ದಾರೆ. ಹಾಗಾಗಿ ವ್ಯೂಸ್ ಒಂದೂವರೆ ಪಟ್ಟಾಯಿತು ಅಂತ ಜಾಹೀರಾತಿನ ದರವನ್ನೂ ಒಂದೂವರೆ ಪಟ್ಟು ಮಾಡುವುದಕ್ಕೆ ನಾನು ಒಪ್ಪಲಿಲ್ಲ. ಚಾನೆಲ್‌ನವರಿಗೆ ಸ್ವಲ್ಪ ಬೇಸರವಾಯಿತು. ಶಾರ್ಟ್ಸ್ ನೋಡಿ ಬಂದವರಲ್ಲಿ ಎಷ್ಟು ಮಂದಿ ಮುಂದಿನ ತಿಂಗಳು ಪ್ರಸಂಗಕ್ಕೆ ಮರಳುತ್ತಾರೆ ನೋಡೋಣ, ಆಮೇಲೆ ಮಾತಾಡೋಣ ಅಂದೆ.

ಈ ಜನರ ಲೆಕ್ಕಕ್ಕೂ ಮಿತಿ ಇದೆ. ಯೂನಿಕ್ ವ್ಯೂವರ್ಸ್ ಯೂಟ್ಯೂಬ್ ಮಾಡುವ ಅಂದಾಜು, ತಲೆ ಎಣಿಸಿದ್ದಲ್ಲ. ಒಬ್ಬರೇ ಫೋನಿನಲ್ಲೂ ಟಿವಿಯಲ್ಲೂ ನೋಡಿದರೆ ಒಬ್ಬರೆಂದೇ ಹಿಡಿಯಲು ಅದು ನೋಡುತ್ತದೆ. ಆದರೆ ಹಾಲ್‌ನ ಟಿವಿಯಲ್ಲಿ ಒಂದೇ ಖಾತೆಯಿಂದ ಅಜ್ಜ, ಅಜ್ಜಿ, ಮಗ, ಸೊಸೆ ಕೂತು ನೋಡಿದರೆ ಅದಕ್ಕೆ ಒಬ್ಬರೇ ಕಾಣುವುದು. ತಾಳಮದ್ದಳೆ ಮನೆಮಂದಿ ಸೇರಿ ಕೇಳುವಂಥದ್ದು. ಆದ್ದರಿಂದ ಇಲ್ಲಿ ನಿಜವಾದ ಜನ ಆ ಸಂಖ್ಯೆಗಿಂತ ಜಾಸ್ತಿ ಇರಬಹುದು.

ಹೊಸಬರು, ಮರಳಿ ಬಂದವರು ಅನ್ನುವ ಗೆರೆಯೂ ಅಷ್ಟು ಗಟ್ಟಿಯಲ್ಲ. ನೋಡಿದ ಇತಿಹಾಸ ಅಳಿಸಿದವರು, ಪ್ರೈವೇಟ್ ಬ್ರೌಸರಿನಲ್ಲಿ ನೋಡುವವರು, ವರ್ಷಕ್ಕಿಂತ ಹೆಚ್ಚು ಕಾಲ ಇತ್ತ ಸುಳಿಯದವರು ಹೊಸಬರ ಸಾಲಿಗೆ ಸೇರುತ್ತಾರೆ. ನಮಗೆ ಈ ಕೊನೆಯದು ಮುಖ್ಯ. ಊರಿನ ಮೇಳಗಳ ತಿರುಗಾಟ ಮುಗಿದು, ಮಳೆಗಾಲದಲ್ಲಿ ಕಲಾವಿದರು ಮುಂಬೈಗೆ ಬಂದಾಗ ಈ ಚಾನೆಲ್‌ಗೆ ಜನ ಹೆಚ್ಚು. ಒಬ್ಬರು ಹೋದ ವರ್ಷ ಜುಲೈಯಲ್ಲಿ ನೋಡಿ, ಆಮೇಲೆ ಮರೆತು, ಈ ವರ್ಷ ಆಗಸ್ಟಿನಲ್ಲಿ ಬಂದರೆ ಹೊಸಬರು ಅಂತ ಬರುತ್ತದೆ. ಆಗಸ್ಟಿನ ಹೊಸಬರನ್ನು ಕಂಡು ಹೊಸ ಊರು ಗೆದ್ದೆವು ಅಂತ ಹಿಗ್ಗುವಂತಿಲ್ಲ.

ಶೆಟ್ರ ಜೊತೆ ಮಾತು ಮುಗಿದದ್ದು ಹೀಗೆ. ವರದಿಯಲ್ಲಿ ಮೊದಲು ರಿಟರ್ನಿಂಗ್ ವ್ಯೂವರ್ಸ್, ಆಮೇಲೆ ಯೂನಿಕ್ ವ್ಯೂವರ್ಸ್, ಕೊನೆಗೆ ವ್ಯೂಸ್. ಶಾರ್ಟ್ಸ್‌ನ ವ್ಯೂಸ್ ಬೇರೆ ಸಾಲಿನಲ್ಲಿ. ಅವಧಿ ಯಾವಾಗಲೂ 28 ದಿನ, ತಾರೀಖು ಸಮೇತ. 28 ದಿನ ಅಂದರೆ ಸರಿಯಾಗಿ ನಾಲ್ಕು ವಾರ, ನಾಲ್ಕೇ ಭಾನುವಾರ. ಒಂದು ತಿಂಗಳಲ್ಲಿ ಐದು ಭಾನುವಾರ ಬಂದು ಲೆಕ್ಕ ಉಬ್ಬಿತು ಅನ್ನುವ ಮಾತಿಗೆ ಜಾಗವಿಲ್ಲ. ಅವರು ಮಳೆಗಾಲದ ಕಂತಿಗೆ ಒಪ್ಪಿ, ಮುಂದಿನ ಕಂತು ದೀಪಾವಳಿ ಕಳೆದ ಮೇಲಿನ ಮೊದಲ ವರದಿ ನೋಡಿ ಅಂದರು. ಆಗ ಆಟಗಳ ಗದ್ದಲ ಇರುವುದಿಲ್ಲ. 6,000 ಮಂದಿಯಲ್ಲಿ ಎಷ್ಟು ಜನ ಉಳಿದಿರುತ್ತಾರೆ ಅನ್ನುವುದು ಆ ವರದಿಯಲ್ಲಿ ಗೊತ್ತಾಗುತ್ತದೆ.